ಗುಡಿಯ ಪಕ್ಕದ ವಸತಿಗೃಹ: ಉಡುಪು, ಫೋಟೋ ಮತ್ತು ಎರಡು ಭಾಷೆಯ ಒಂದು ಫಲಕ

ಗೋಕರ್ಣದ ಮಹಾಬಲೇಶ್ವರ ದೇವಸ್ಥಾನದಲ್ಲಿ ದರ್ಶನಕ್ಕೆ ಹೋಗುವ ಗಂಡಸರು ಪಂಚೆ ಉಟ್ಟಿರಬೇಕು, ಅಂಗಿ ಮತ್ತು ಬನಿಯನ್ ತೆಗೆದಿರಬೇಕು. ಹೆಂಗಸರು ಸೀರೆಯನ್ನೋ ಚೂಡಿದಾರವನ್ನೋ ಧರಿಸಿರಬೇಕು. ಒಳಗೆ ಫೋಟೋ ತೆಗೆಯುವಂತಿಲ್ಲ. ಇದೇ ದೇವಸ್ಥಾನದಿಂದ ಕೆಲವೇ ನಿಮಿಷ ನಡೆದರೆ ಕಡಲು. ದಕ್ಷಿಣಕ್ಕೆ ಗುಡ್ಡ ದಾಟಿದರೆ ಕುಡ್ಲೆ ಮತ್ತು ಓಂ ಕಡಲತೀರಗಳು. ಅಲ್ಲಿ ಚಡ್ಡಿ, ಈಜುಡುಗೆ, ಕೈಯಲ್ಲಿ ಕ್ಯಾಮೆರಾ ಎಲ್ಲವೂ ಸಹಜ. ಈ ಎರಡು ಲೋಕಗಳ ನಡುವೆ, ರಥಬೀದಿಯ ಆಸುಪಾಸಿನಲ್ಲಿ, ಸಾಲು ಸಾಲಾಗಿ ವಸತಿಗೃಹಗಳಿವೆ. ಪಿತೃಕಾರ್ಯಕ್ಕೆಂದು ಹುಬ್ಬಳ್ಳಿಯಿಂದ ಬಂದ ಕುಟುಂಬ, ವಾರಾಂತ್ಯಕ್ಕೆ ಬೆಂಗಳೂರಿನಿಂದ ಬಂದ ಗೆಳೆಯರ ಗುಂಪು, ಗೋವಾದಿಂದ ಇಳಿದು ಬಂದ ವಿದೇಶಿ ಪ್ರವಾಸಿ ಒಂದೇ ಮಹಡಿಯ ಅಕ್ಕಪಕ್ಕದ ಕೋಣೆಗಳಲ್ಲಿ ಉಳಿದಿರುತ್ತಾರೆ. ಇವರೆಲ್ಲರೂ ಓದಬೇಕಾದ ಒಂದು ಸೂಚನಾ ಫಲಕ ಕೌಂಟರಿನ ಪಕ್ಕದ ಗೋಡೆಯ ಮೇಲಿರುತ್ತದೆ. ಮೇಲೆ ಕನ್ನಡ, ಕೆಳಗೆ ಇಂಗ್ಲಿಷ್.

ಆ ಫಲಕ ಸರಿಯಾಗಿದ್ದರೆ ಯಾರ ಗಮನಕ್ಕೂ ಬರುವುದಿಲ್ಲ. ಸರಿಯಿಲ್ಲದಿದ್ದರೆ ಅದರ ಪರಿಣಾಮ ದೇವಸ್ಥಾನದ ಬಾಗಿಲಲ್ಲಿ ಕಾಣುತ್ತದೆ. ಅರ್ಧ ಗಂಟೆ ಸರದಿಯಲ್ಲಿ ನಿಂತವರು ಜೀನ್ಸ್ ತೊಟ್ಟ ಕಾರಣಕ್ಕೆ ವಾಪಸಾಗುತ್ತಾರೆ. ಮಹಡಿಯಿಂದ ಗುಡಿಯ ಅಂಗಳದ ವಿಡಿಯೋ ತೆಗೆದವನ ಜೊತೆ ಅರ್ಚಕರ ಮನೆಯವರು ಜಗಳಕ್ಕಿಳಿಯುತ್ತಾರೆ. ಫಲಕ ಓದಿ ಅವಮಾನವಾಯಿತೆಂದು ಅತಿಥಿಗಳು ಕೋಣೆ ಖಾಲಿ ಮಾಡುವುದೂ ಉಂಟು. ಇಂಥ ಫಲಕದಲ್ಲಿ ಏನನ್ನು ಬರೆಯಬೇಕು, ಯಾವ ಮಾತಿನಲ್ಲಿ ಬರೆಯಬೇಕು ಎಂಬುದಕ್ಕೆ ಗೋಕರ್ಣ ಒಳ್ಳೆಯ ಉದಾಹರಣೆ.

ಯಾರ ನಿಯಮ, ಎಲ್ಲಿಯವರೆಗೆ

ಫಲಕ ಬರೆಯುವ ಮುನ್ನ ಬೇರ್ಪಡಿಸಬೇಕಾದ ಸಂಗತಿ ಒಂದಿದೆ. ದೇವಸ್ಥಾನದ ನಿಯಮ ಬೇರೆ, ವಸತಿಗೃಹದ ನಿಯಮ ಬೇರೆ. ಪಂಚೆ ಉಡಬೇಕೆಂಬುದನ್ನು ನಿರ್ಧರಿಸುವುದು ದೇವಸ್ಥಾನದ ಆಡಳಿತ. ಗೋಕರ್ಣದಲ್ಲಿ ಆ ಉಸ್ತುವಾರಿಯನ್ನು 2021ರಲ್ಲಿ ಸುಪ್ರೀಂ ಕೋರ್ಟ್ ನಿವೃತ್ತ ನ್ಯಾಯಮೂರ್ತಿ ಬಿ.ಎನ್. ಶ್ರೀಕೃಷ್ಣ ಅವರ ನೇತೃತ್ವದ ಸಮಿತಿಗೆ ಒಪ್ಪಿಸಿತು. ದೇವಸ್ಥಾನದ ನಿಯಮವನ್ನು ಸಡಿಲಿಸುವುದಾಗಲಿ ಬಿಗಿ ಮಾಡುವುದಾಗಲಿ ವಸತಿಗೃಹದ ಕೈಯಲ್ಲಿಲ್ಲ. ಅದು ಸುದ್ದಿ ತಲುಪಿಸುವ ಕೆಲಸವನ್ನಷ್ಟೇ ಮಾಡಬಲ್ಲದು. ಒದ್ದೆ ಮೈಯಲ್ಲಿ ಊಟದ ಕೋಣೆಗೆ ಬರಬಾರದು, ಮಹಡಿಯಿಂದ ಇಂಥ ಕಡೆಗೆ ಕ್ಯಾಮೆರಾ ತಿರುಗಿಸಬಾರದು ಎಂಬಂಥವು ಮಾತ್ರ ಅದರ ಸ್ವಂತ ನಿಯಮಗಳು.

ಎರಡನ್ನೂ ಒಂದೇ ಪಟ್ಟಿಯಲ್ಲಿ ಬೆರೆಸಿದರೆ ಗೊಂದಲ ಹುಟ್ಟುತ್ತದೆ. ಗುಡಿಯೊಳಗೆ ಅಂಗಿ ತೆಗೆಯಬೇಕೆಂಬ ಸಾಲಿನ ಕೆಳಗೆ ಊಟದ ಕೋಣೆಗೆ ಅಂಗಿ ಹಾಕಿ ಬರಬೇಕೆಂಬ ಸಾಲು ಬಂದರೆ ಹೊಸಬರಿಗೆ ತಲೆಬುಡ ತಿಳಿಯುವುದಿಲ್ಲ. ಜೊತೆಗೆ, ದೇವಸ್ಥಾನದ ಹೆಸರಿನಲ್ಲಿ ವಸತಿಗೃಹ ತನ್ನ ಇಷ್ಟಾನಿಷ್ಟಗಳನ್ನು ಹೇರುತ್ತಿದೆಯೆಂಬ ಅನುಮಾನವೂ ಬರುತ್ತದೆ. ಆದ್ದರಿಂದ ಫಲಕಕ್ಕೆ ಎರಡು ಭಾಗ ಬೇಕು: ‘ದೇವಸ್ಥಾನದ ನಿಯಮ’ ಒಂದು, ‘ನಮ್ಮ ವಿನಂತಿ’ ಇನ್ನೊಂದು. ಮೊದಲನೆಯದರಲ್ಲಿ ‘ಬೇಕು’, ‘ಇಲ್ಲ’ ಎಂಬ ಖಚಿತ ಮಾತು ಸಲ್ಲುತ್ತದೆ, ಏಕೆಂದರೆ ಅಲ್ಲಿ ಚೌಕಾಸಿಗೆ ಎಡೆಯಿಲ್ಲ. ಎರಡನೆಯದರಲ್ಲಿ ಕೇಳಿಕೊಳ್ಳುವ ಧಾಟಿ ಸಲ್ಲುತ್ತದೆ.

ಕ್ಷೇತ್ರದಿಂದ ಕ್ಷೇತ್ರಕ್ಕೆ ನಿಯಮ ಬೇರೆಯಾಗುವುದೂ ಗೊಂದಲಕ್ಕೆ ಇನ್ನೊಂದು ಕಾರಣ. ಧರ್ಮಸ್ಥಳದಲ್ಲಿ ಗಂಡಸರು ಅಂಗಿ ತೆಗೆದು ದರ್ಶನಕ್ಕೆ ಹೋಗುತ್ತಾರೆ. ಆದರೆ ಪ್ಯಾಂಟಿನ ಮೇಲೆ ಹೋಗಿ ಬಂದ ಅಭ್ಯಾಸವಿರುವವರು ಗೋಕರ್ಣದಲ್ಲೂ ಹಾಗೆಯೇ ನಡೆಯುತ್ತದೆಂದು ಭಾವಿಸಿ ಹೊರಡುತ್ತಾರೆ. ಹಂಪಿಯಲ್ಲಿ ಪೂಜೆ ನಡೆಯುವ ವಿರೂಪಾಕ್ಷ ಗುಡಿಗೆ ಒಂದು ರೀತಿ, ಪೂಜೆ ನಿಂತುಹೋದ ವಿಠ್ಠಲ ಗುಡಿಗೆ ಇನ್ನೊಂದು ರೀತಿ. ವಿಠ್ಠಲ ಗುಡಿ ಸ್ಮಾರಕವಾದ್ದರಿಂದ ಅಲ್ಲಿ ಕಲ್ಲಿನ ರಥದ ಮುಂದೆ ಫೋಟೋ ತೆಗೆಸಿಕೊಳ್ಳದೆ ಹೋಗುವವರೇ ಕಡಿಮೆ. ಹೀಗಾಗಿ ‘ದೇವಸ್ಥಾನದ ನಿಯಮ ಎಲ್ಲರಿಗೂ ಗೊತ್ತಿರುವುದೇ’ ಎಂದು ಕನ್ನಡಿಗರ ವಿಷಯದಲ್ಲೂ ನಂಬಿ ಕೂರುವಂತಿಲ್ಲ.

‘ಸಭ್ಯ ಉಡುಪು’ ಎಂದರೆ ಯಾವುದು

ಉಡುಪಿನ ಬಗ್ಗೆ ಫಲಕಗಳಲ್ಲಿ ಹೆಚ್ಚಾಗಿ ಕಾಣುವ ಮಾತು ‘ಸಭ್ಯ ಉಡುಪು ಧರಿಸಿ’. ಇಂಗ್ಲಿಷಿನಲ್ಲಿ ಇದು ‘ಡೀಸೆಂಟ್ ಡ್ರೆಸ್’ ಅಥವಾ ‘ಪ್ರಾಪರ್ ಡ್ರೆಸ್’ ಆಗುತ್ತದೆ. ಈ ಮಾತಿನಲ್ಲಿ ಎರಡು ತೊಂದರೆಗಳಿವೆ. ಓದಿದವರಿಗೆ ಯಾವ ಬಟ್ಟೆ ತೊಡಬೇಕೆಂದು ಗೊತ್ತಾಗುವುದಿಲ್ಲ; ಇಸ್ತ್ರಿ ಮಾಡಿದ ಪ್ಯಾಂಟು, ತುಂಬು ತೋಳಿನ ಅಂಗಿ ಯಾರ ಲೆಕ್ಕದಲ್ಲೂ ಸಭ್ಯವೇ, ಆದರೆ ಗೋಕರ್ಣದ ಗರ್ಭಗುಡಿಗೆ ಅದು ನಡೆಯುವುದಿಲ್ಲ. ಇನ್ನೊಂದು, ‘ಸಭ್ಯ’ ಎಂದ ಕೂಡಲೇ ಎದುರಿಗೆ ನಿಂತವರು ಅಸಭ್ಯರಾಗಿರಬಹುದೆಂಬ ಸೂಚನೆ ಸೇರಿಕೊಳ್ಳುತ್ತದೆ. ಚಡ್ಡಿ ತೊಟ್ಟು ಕಡಲಿಗೆ ಹೋಗಿ ಬಂದವರು ತಪ್ಪೇನೂ ಮಾಡಿಲ್ಲ. ಆ ಬಟ್ಟೆ ಗುಡಿಯ ಬಾಗಿಲಿಗೆ ಹೊಂದುವುದಿಲ್ಲ, ಅಷ್ಟೇ.

ಇದಕ್ಕೆ ಪರಿಹಾರ ಬಟ್ಟೆಯ ಹೆಸರನ್ನೇ ಹೇಳುವುದು. 2015ರ ಕೊನೆಯಲ್ಲಿ ಮದ್ರಾಸ್ ಹೈಕೋರ್ಟಿನ ಮಧುರೈ ಪೀಠ ತಮಿಳುನಾಡಿನ ದೇವಸ್ಥಾನಗಳಿಗೆ ವಸ್ತ್ರಸಂಹಿತೆ ವಿಧಿಸಿದಾಗ ಇದನ್ನೇ ಮಾಡಿತ್ತು. ಗಂಡಸರಿಗೆ ಮೇಲುವಸ್ತ್ರದೊಂದಿಗೆ ಧೋತಿ ಅಥವಾ ಪೈಜಾಮ, ಇಲ್ಲವೇ ಫಾರ್ಮಲ್ ಪ್ಯಾಂಟು ಮತ್ತು ಅಂಗಿ. ಹೆಂಗಸರಿಗೆ ಸೀರೆ, ಲಂಗ ದಾವಣಿ ಅಥವಾ ಮೇಲುವಸ್ತ್ರವಿರುವ ಚೂಡಿದಾರ. ಮಕ್ಕಳಿಗೆ ಮೈ ಪೂರ್ತಿ ಮುಚ್ಚುವ ಯಾವ ಬಟ್ಟೆಯಾದರೂ ಸರಿ ಎಂದು ಆದೇಶ ಪಟ್ಟಿ ಮಾಡಿತ್ತು. ಆ ಆದೇಶ ಮುಂದೆ ಮೇಲಿನ ಪೀಠದ ಮುಂದೆ ನಿಲ್ಲಲಿಲ್ಲ. ಆದರೂ ಬರವಣಿಗೆಯ ದೃಷ್ಟಿಯಿಂದ ಅದು ಸ್ಪಷ್ಟವಾಗಿತ್ತು; ಯಾರು ಏನು ತೊಡಬೇಕೆಂಬುದು ಓದಿದವರಿಗೆ ತಿಳಿಯುತ್ತಿತ್ತು. ಅದು ಬಿದ್ದುಹೋದ ಸಂಗತಿ ಇನ್ನೊಂದು ಪಾಠವನ್ನೂ ಹೇಳುತ್ತದೆ. ಇಂಥ ನಿಯಮಗಳು ಬದಲಾಗುತ್ತವೆ, ಆದ್ದರಿಂದ ಫಲಕದ ಮೂಲೆಯಲ್ಲಿ ಅದನ್ನು ಬರೆಸಿದ ತಿಂಗಳು ಮತ್ತು ವರ್ಷ ಇರುವುದು ಒಳ್ಳೆಯದು.

ಬಟ್ಟೆಯ ಹೆಸರು ಹೇಳುವಾಗ ಗಂಡಸರ ಸಾಲು ಮೊದಲು ಬರುವುದು ಗೋಕರ್ಣದಂಥ ಕಡೆ ನ್ಯಾಯವೂ ಹೌದು, ಉಪಯುಕ್ತವೂ ಹೌದು. ಅನೇಕ ಫಲಕಗಳು ಹೆಂಗಸರ ತೋಳು, ಮೊಣಕಾಲುಗಳ ಬಗ್ಗೆ ನಾಲ್ಕು ಸಾಲು ಬರೆದು ಗಂಡಸರ ಬಗ್ಗೆ ಸುಮ್ಮನಾಗುತ್ತವೆ. ವಾಸ್ತವದಲ್ಲಿ ಇಲ್ಲಿ ಬಟ್ಟೆ ಬದಲಿಸಿಕೊಳ್ಳಬೇಕಾದವರು ಹೆಚ್ಚಾಗಿ ಗಂಡಸರೇ. ಚೂಡಿದಾರದಲ್ಲಿ ಬಂದ ಹೆಂಗಸು ಹಾಗೆಯೇ ಒಳಗೆ ಹೋಗಬಹುದು, ಪ್ಯಾಂಟಿನಲ್ಲಿ ಬಂದ ಗಂಡಸು ಹೋಗುವಂತಿಲ್ಲ.

ಅಂಗಿ ತೆಗೆಯುವುದೇಕೆ ಎಂಬ ಪ್ರಶ್ನೆ ಸಹಜವಾಗಿ ಬರುತ್ತದೆ. ಪೂಜೆಗೆ ಹೊಲಿಯದ ಬಟ್ಟೆ ಶುದ್ಧವೆಂಬ ನಂಬಿಕೆಯಿಂದ ಹಿಡಿದು ಜನಿವಾರ ಗುರುತಿಸಲೆಂದು ಬಂದ ಪದ್ಧತಿ ಎಂಬ ಟೀಕೆಯವರೆಗೆ ಇದಕ್ಕೆ ಹಲವು ಉತ್ತರಗಳಿವೆ. ಕೇರಳದಲ್ಲಿ 2024ರ ಡಿಸೆಂಬರ್ ಕೊನೆಗೆ ಶಿವಗಿರಿ ಮಠದ ಸ್ವಾಮಿ ಸಚ್ಚಿದಾನಂದರು ಈ ಪದ್ಧತಿ ಕೈಬಿಡಬೇಕೆಂದು ಕರೆ ಕೊಟ್ಟಾಗ ದೊಡ್ಡ ಚರ್ಚೆಯೇ ನಡೆಯಿತು. ವಸತಿಗೃಹದ ಗೋಡೆ ಆ ಚರ್ಚೆಗೆ ಜಾಗವಲ್ಲ. ‘ಇದು ದೇವಸ್ಥಾನದ ಸಂಪ್ರದಾಯ’ ಎಂಬಷ್ಟು ಮಾತು ಸಾಕು. ವಿಜ್ಞಾನದ ಹೆಸರಿನ ಕಾರಣಗಳನ್ನು ಸೇರಿಸಿದರೆ ಓದುಗನಿಗೆ ನಿಯಮ ಪಾಲಿಸುವುದಕ್ಕಿಂತ ವಾದ ಮಾಡುವ ಮನಸ್ಸಾಗುತ್ತದೆ.

ನಿಯಮದ ಜೊತೆಗೆ ದಾರಿಯನ್ನೂ ತೋರಿಸಿದರೆ ಅರ್ಧ ಕೆಲಸ ಮುಗಿದಂತೆ. ಸೊಂಟಕ್ಕೆ ಒಂದು ಸುತ್ತು ಬರುವ ಸಾದಾ ಪಂಚೆ ಸುಮಾರು ಎರಡು ಮೀಟರಿನದು. ಅಂಥ ಐದಾರು ಪಂಚೆಗಳನ್ನು ಒಗೆದು ಮಡಿಸಿ ಕೌಂಟರಿನಲ್ಲಿ ಇಟ್ಟುಕೊಂಡು, ಎರವಲು ಕೊಟ್ಟು ವಾಪಸು ಪಡೆಯುವುದು ವಸತಿಗೃಹಕ್ಕೆ ಭಾರವೇನಲ್ಲ. ಉಟ್ಟು ಅಭ್ಯಾಸವಿಲ್ಲದವರಿಗೆ ಪಂಚೆ ನಡೆಯುವಾಗ ಜಾರುತ್ತದೆ. ಅದರ ಮೇಲೆ ಕಟ್ಟಿಕೊಳ್ಳಲು ಒಂದು ಹುರಿಯನ್ನೋ ಬೆಲ್ಟನ್ನೋ ಕೊಟ್ಟರೆ ಸರದಿಯಲ್ಲಿ ಮುಜುಗರ ತಪ್ಪುತ್ತದೆ. ತೆಗೆದ ಅಂಗಿಯನ್ನು, ಮೊಬೈಲನ್ನು ಎಲ್ಲಿಡಬೇಕೆಂಬ ಪ್ರಶ್ನೆಯೂ ಇದೆ. ಪಂಚೆಗೆ ಜೇಬಿಲ್ಲ. ಆದ್ದರಿಂದ ಪಂಚೆಯ ಜೊತೆಗೊಂದು ಬಟ್ಟೆಯ ಚೀಲ ಕೊಡುವುದು ವಾಡಿಕೆಯಾದರೆ ಒಳ್ಳೆಯದು.

ಗರ್ಭಗುಡಿಗೆ ಯಾರಿಗೆ ಪ್ರವೇಶವಿದೆ, ಯಾರಿಗಿಲ್ಲ ಎಂಬುದು ಉಡುಪಿನ ವಿಷಯವಲ್ಲ. ಕೆಲವು ದೇವಸ್ಥಾನಗಳಲ್ಲಿ ಅಂಥ ಕಟ್ಟಳೆ ಇದೆ. ವಸತಿಗೃಹ ಅದನ್ನು ತನ್ನ ಮಾತಿನಲ್ಲಿ ವ್ಯಾಖ್ಯಾನಿಸಲು ಹೋಗದೆ ‘ಒಳಗಿನ ಪ್ರವೇಶದ ಬಗ್ಗೆ ದೇವಸ್ಥಾನದ ಕಚೇರಿಯಲ್ಲಿ ವಿಚಾರಿಸಿ’ ಎಂದು ಬರೆಯುವುದೇ ಸರಿ.

ಕ್ಯಾಮೆರಾ ಯಾವ ಕಡೆಗೆ

ಫೋಟೋ ವಿಷಯದಲ್ಲಿ ‘ಇಲ್ಲಿ ಫೋಟೋ ತೆಗೆಯಬಾರದು’ ಎಂಬ ಒಂದೇ ಸಾಲು ಸಾಲದು, ಏಕೆಂದರೆ ‘ಇಲ್ಲಿ’ ಎಂದರೆ ಎಲ್ಲಿ ಎಂಬುದು ತಿಳಿಯುವುದಿಲ್ಲ. ವಸತಿಗೃಹದಲ್ಲಿ ಉಳಿದವರ ಮಟ್ಟಿಗೆ ಕ್ಯಾಮೆರಾಗೆ ಸಂಬಂಧಿಸಿದ ಜಾಗಗಳು ನಾಲ್ಕು: ದೇವಸ್ಥಾನದ ಒಳಭಾಗ, ವಸತಿಗೃಹದ ಮಹಡಿ, ಕೋಟಿತೀರ್ಥ, ಮತ್ತು ರಥಬೀದಿ.

ಒಳಭಾಗದ ನಿಯಮ ಸರಳ. ಅಲ್ಲಿ ಫೋಟೋ, ವಿಡಿಯೋ ಎರಡೂ ಇಲ್ಲ. ಕರ್ನಾಟಕ ಸರ್ಕಾರ ಮುಜರಾಯಿ ಇಲಾಖೆಯ ದೇವಸ್ಥಾನಗಳ ಒಳಗೆ ಮೊಬೈಲ್ ಬಳಕೆಯನ್ನು 2023ರ ಜುಲೈನಲ್ಲಿ ನಿರ್ಬಂಧಿಸಿತು. ಅದಕ್ಕೂ ಮುನ್ನ, 2022ರ ಡಿಸೆಂಬರಿನಲ್ಲಿ, ತಿರುಚೆಂದೂರು ದೇವಸ್ಥಾನದ ಪ್ರಕರಣದಲ್ಲಿ ಮದ್ರಾಸ್ ಹೈಕೋರ್ಟ್ ತಮಿಳುನಾಡಿನ ದೇವಸ್ಥಾನಗಳಲ್ಲಿ ಮೊಬೈಲ್ ನಿಷೇಧಕ್ಕೆ ಆದೇಶಿಸಿತ್ತು. ಆದ್ದರಿಂದ ಫಲಕದಲ್ಲಿ ‘ಕ್ಯಾಮೆರಾ’ ಎಂದಷ್ಟೇ ಬರೆದರೆ ಸಾಲದು. ಮೊಬೈಲ್ ಹಿಡಿದವರು ತಮ್ಮ ಕೈಯಲ್ಲಿರುವುದು ಕ್ಯಾಮೆರಾ ಎಂದು ಭಾವಿಸುವುದಿಲ್ಲ. ‘ಮೊಬೈಲಿನಲ್ಲಿಯೂ’ ಎಂಬ ಪದ ಸೇರಬೇಕು.

ಮಹಡಿಯ ವಿಷಯ ವಸತಿಗೃಹದ್ದೇ, ಮತ್ತು ಹೆಚ್ಚು ಸೂಕ್ಷ್ಮವಾದದ್ದು. ಗುಡಿಗೆ ಅಂಟಿಕೊಂಡ ಕಟ್ಟಡದ ಎರಡನೆಯ ಮಹಡಿಯಿಂದ ನೋಡಿದರೆ ಪ್ರಾಕಾರದ ಒಳಗಿನ ಅಂಗಳ, ಅರ್ಚಕರ ಓಡಾಟ, ನೆರೆಮನೆಯ ಹಿತ್ತಿಲು ಎಲ್ಲವೂ ಕಾಣುತ್ತವೆ. ಒಳಗೆ ನಿಂತು ತೆಗೆಯಲಾಗದ್ದನ್ನು ಜೂಮ್ ಹಾಕಿ ಇಲ್ಲಿಂದ ತೆಗೆಯುವುದು ಸುಲಭ. ಹೀಗೆ ಮಾಡುವವರಲ್ಲಿ ಹೆಚ್ಚಿನವರಿಗೆ ಅದು ತಪ್ಪೆಂಬ ಅರಿವೇ ಇರುವುದಿಲ್ಲ, ಏಕೆಂದರೆ ಅವರು ನಿಂತಿರುವುದು ತಾವು ಬಾಡಿಗೆ ಕೊಟ್ಟ ಜಾಗದಲ್ಲಿ. ಇಲ್ಲಿ ನಿಷೇಧದ ಜೊತೆಗೆ ಒಪ್ಪಿಗೆಯನ್ನೂ ಹೇಳುವುದು ಕೆಲಸಕ್ಕೆ ಬರುತ್ತದೆ. ಗೋಕರ್ಣದಲ್ಲಿ ಕಡಲಿರುವುದು ಪಶ್ಚಿಮಕ್ಕೆ. ಸಂಜೆ ಜನ ಮಹಡಿ ಹತ್ತುವುದೇ ಸೂರ್ಯಾಸ್ತಕ್ಕಾಗಿ. ಕಡಲಿನ ಕಡೆಗೆ ಬೇಕಾದಷ್ಟು ತೆಗೆಯಬಹುದು, ಗುಡಿಯ ಅಂಗಳದ ಕಡೆಗೆ ಬೇಡ ಎಂದು ದಿಕ್ಕು ಹೇಳಿದರೆ ಮಾತು ಮುಗಿಯಿತು. ಡ್ರೋನ್ ಹಾರಿಸುವುದಕ್ಕೆ 2021ರ ಡ್ರೋನ್ ನಿಯಮಗಳು ಬೇರೆಯೇ ಇವೆ. ಮಹಡಿಯಿಂದ ಡ್ರೋನ್ ಹಾರಿಸಲು ವಸತಿಗೃಹದ ಅನುಮತಿ ಇಲ್ಲ ಎಂಬ ಒಂದು ಸಾಲು ಸಾಕು.

ಕೋಟಿತೀರ್ಥ ಊರಿನ ದೊಡ್ಡ ಪುಷ್ಕರಿಣಿ. ಯಾತ್ರಿಕರು ಅಲ್ಲಿ ಸ್ನಾನ ಮಾಡುತ್ತಾರೆ, ದಡದಲ್ಲಿ ಪಿತೃಕಾರ್ಯ ನಡೆಯುತ್ತದೆ. ಸುತ್ತಲಿನ ಹಳೆಯ ಮನೆಗಳು, ಮೆಟ್ಟಿಲು, ನೀರಿನಲ್ಲಿ ಬೀಳುವ ನೆರಳು ಯಾವ ಛಾಯಾಗ್ರಾಹಕನನ್ನೂ ಸೆಳೆಯುವಂಥವು. ಅಲ್ಲಿ ಫೋಟೋ ತೆಗೆಯಬಾರದೆಂದು ಹೇಳುವ ಅಧಿಕಾರ ವಸತಿಗೃಹಕ್ಕಿಲ್ಲ. ಆದರೆ ತಂದೆಗೆ ಪಿಂಡ ಇಡುತ್ತಿರುವವನ ಮುಖದ ಹತ್ತಿರ ಲೆನ್ಸ್ ಹಿಡಿಯಬೇಡಿ, ಒದ್ದೆ ಸೀರೆಯಲ್ಲಿ ಮೆಟ್ಟಿಲು ಹತ್ತುತ್ತಿರುವವರನ್ನು ತೆಗೆಯಬೇಡಿ ಎಂದು ಕೇಳಿಕೊಳ್ಳಬಹುದು. ಹೊರಗಿನಿಂದ ಬಂದವರಿಗೆ ಅದು ಸ್ನಾನವೋ, ಹಬ್ಬವೋ, ಸಾವಿನ ಕಾರ್ಯವೋ ಗೊತ್ತಾಗುವುದಿಲ್ಲ. ‘ಇಲ್ಲಿ ಜನ ತೀರಿಹೋದ ಹಿರಿಯರಿಗೆ ಕಾರ್ಯ ಮಾಡುತ್ತಾರೆ’ ಎಂಬ ಒಂದು ವಾಕ್ಯ ಇಂಗ್ಲಿಷ್ ಭಾಗದಲ್ಲಿದ್ದರೆ ನಿಷೇಧದ ಮಾತೇ ಬೇಕಾಗುವುದಿಲ್ಲ. ಸಾವಿನ ಮನೆಯಲ್ಲಿ ಹೇಗಿರಬೇಕೆಂಬುದು ಎಲ್ಲ ದೇಶದವರಿಗೂ ಗೊತ್ತು.

ರಥಬೀದಿ ಸಾರ್ವಜನಿಕ ಬೀದಿ. ಶಿವರಾತ್ರಿಯ ತೇರಿನ ಹೊತ್ತಿಗೆ ಅಲ್ಲಿ ಸಾವಿರಾರು ಮೊಬೈಲುಗಳು ಮೇಲೇಳುತ್ತವೆ. ಅದನ್ನು ಫಲಕದಲ್ಲಿ ತಡೆಯಲು ಹೋದರೆ ಉಳಿದ ನಿಯಮಗಳ ತೂಕವೂ ಇಳಿಯುತ್ತದೆ. ‘ಬೀದಿಯಲ್ಲಿ ಫೋಟೋ ತೆಗೆಯಬಹುದು, ಯಾರದಾದರೂ ಮುಖ ಹತ್ತಿರದಿಂದ ತೆಗೆಯುವಾಗ ಕೇಳಿ ತೆಗೆಯಿರಿ’ ಎಂದರೆ ಸಾಕು.

ಅತಿಥಿಗಳ ಕ್ಯಾಮೆರಾದ ಬಗ್ಗೆ ಇಷ್ಟು ಹೇಳುವ ವಸತಿಗೃಹ ತನ್ನ ಕ್ಯಾಮೆರಾದ ಬಗ್ಗೆಯೂ ಹೇಳಬೇಕು. ಕೌಂಟರು, ಮೆಟ್ಟಿಲು, ಹೊರಬಾಗಿಲಿನಲ್ಲಿ ಸಿಸಿಟಿವಿ ಇದ್ದರೆ ಅದನ್ನು ಅದೇ ಫಲಕದಲ್ಲಿ ತಿಳಿಸಿದಾಗ ಮಾತು ಎರಡೂ ಕಡೆಗೆ ಸಮವಾಗುತ್ತದೆ.

ಎರಡು ಭಾಷೆ, ಎರಡು ಬಗೆಯ ಮರ್ಯಾದೆ

ಕನ್ನಡದಲ್ಲಿ ಮರ್ಯಾದೆ ಕ್ರಿಯಾಪದದ ತುದಿಯಲ್ಲಿರುತ್ತದೆ. ‘ತೆಗೆಯಬೇಡ’, ‘ತೆಗೆಯಬೇಡಿ’, ‘ತೆಗೆಯಬಾರದು’, ‘ತೆಗೆಯಕೂಡದು’, ‘ತೆಗೆಯುವುದನ್ನು ನಿಷೇಧಿಸಲಾಗಿದೆ’ ಎಂಬ ಐದರಲ್ಲೂ ಅರ್ಥ ಒಂದೇ, ಸ್ವರ ಬೇರೆ ಬೇರೆ. ಮೊದಲನೆಯದು ಫಲಕಕ್ಕೆ ಸಲ್ಲುವುದೇ ಇಲ್ಲ. ಎರಡನೆಯದು ಎದುರಿಗೆ ನಿಂತು ಮಾತಾಡಿದಂತಿದೆ. ‘ಬಾರದು’ ಯಾರನ್ನೂ ಬೊಟ್ಟು ಮಾಡದೆ ನಿಯಮ ಹೇಳುತ್ತದೆ. ‘ಕೂಡದು’ ಎಂಬುದರಲ್ಲಿ ಬೆದರಿಕೆಯ ನೆರಳಿದೆ. ಕೊನೆಯದು ಸರ್ಕಾರಿ ಕಚೇರಿಯ ಗೋಡೆಯಿಂದ ಬಂದದ್ದು. ನಿಷೇಧಿಸಿದವರು ಯಾರೆಂಬುದನ್ನು ಅದು ಮರೆಮಾಚುತ್ತದೆ. ದೇವಸ್ಥಾನದ ನಿಯಮಕ್ಕೆ ‘ಬಾರದು’ ಅಥವಾ ‘ಇಲ್ಲ’, ವಸತಿಗೃಹದ ವಿನಂತಿಗೆ ‘ಬೇಡಿ’ ಅಥವಾ ‘ಬನ್ನಿ, ತೆಗೆಯಿರಿ’ ಎಂಬ ರೂಪಗಳು ಹೊಂದುತ್ತವೆ. ಪ್ರತಿ ಸಾಲಿಗೂ ‘ದಯವಿಟ್ಟು’ ಸೇರಿಸಿದರೆ ಅದು ಸವೆದು ಹೋಗುತ್ತದೆ. ‘ನಮ್ಮ ವಿನಂತಿ’ ಎಂದು ತಲೆಬರಹದಲ್ಲಿ ಒಮ್ಮೆ ಬಂದರೆ ಕೆಳಗಿನ ಸಾಲುಗಳಿಗೆಲ್ಲ ಅನ್ವಯಿಸುತ್ತದೆ.

ಇಂಗ್ಲಿಷಿನ ಕ್ರಿಯಾಪದಕ್ಕೆ ಇಂಥ ತುದಿಯಿಲ್ಲ. ಅಲ್ಲಿ ‘ನೀನು’ ‘ನೀವು’ ಎಂಬ ಭೇದವೂ ಇಲ್ಲ. ಮರ್ಯಾದೆ ಬರಬೇಕಾದರೆ ವಾಕ್ಯದ ಕಟ್ಟಡದಿಂದಲೇ ಬರಬೇಕು: ಯಾರು ಕೇಳುತ್ತಿದ್ದಾರೆ, ಏಕೆ ಕೇಳುತ್ತಿದ್ದಾರೆ, ಬದಲಿಗೆ ಏನು ಮಾಡಬಹುದು ಎಂಬುದರಿಂದ. ಕನ್ನಡದ ‘ನಿಷೇಧಿಸಲಾಗಿದೆ’ ಎಂಬುದನ್ನು ‘ಸ್ಟ್ರಿಕ್ಟ್ಲಿ ಪ್ರೊಹಿಬಿಟೆಡ್’ ಎಂದು ಇಳಿಸಿದಾಗ ಕನ್ನಡಿಗನಿಗೆ ಅದು ರೂಢಿಯ ಮಾತಾಗಿ ಕೇಳುತ್ತದೆ, ಹೊರದೇಶದವನಿಗೆ ಸೇನಾ ಠಾಣೆಯ ಬೋರ್ಡಿನಂತೆ ಕೇಳುತ್ತದೆ. ‘ನಾಟ್ ಅಲೌಡ್’ ಎಂಬುದಕ್ಕಿಂತ ‘ಪ್ಲೀಸ್ ಡು ನಾಟ್’ ಮೆದು. ಅದಕ್ಕಿಂತಲೂ ‘ವೀ ಆಸ್ಕ್ ಗೆಸ್ಟ್ಸ್ ಟು’ ಎಂದು ಶುರುವಾಗುವ ವಾಕ್ಯ ಕೇಳಿಕೊಳ್ಳುವವರನ್ನು ಮುಂದೆ ನಿಲ್ಲಿಸುತ್ತದೆ.

ಕೆಲವು ಪದಗಳು ನಮ್ಮ ಇಂಗ್ಲಿಷಿನಲ್ಲಿ ಮಾತ್ರ ನಡೆಯುತ್ತವೆ. ‘ಹಾಫ್ ಪ್ಯಾಂಟ್’ ಹೊರಗಿನವರಿಗೆ ಗೊತ್ತಿಲ್ಲ, ಅವರಿಗೆ ಅದು ‘ಶಾರ್ಟ್ಸ್’. ಬನಿಯನ್‌ಗೆ ‘ವೆಸ್ಟ್’ ಎಂದರೆ ಬ್ರಿಟನ್ನಿನವರಿಗೆ ಅರ್ಥವಾಗುತ್ತದೆ, ಅಮೆರಿಕದವರಿಗೆ ಕೋಟಿನೊಳಗಿನ ತೋಳಿಲ್ಲದ ಅಂಗಿ ಎನಿಸುತ್ತದೆ. ‘ಅಂಡರ್‌ಶರ್ಟ್’ ಇಬ್ಬರಿಗೂ ತಿಳಿಯುತ್ತದೆ. ದುಪಟ್ಟಾಗೆ ‘ಸ್ಕಾರ್ಫ್’ ಎಂಬ ವಿವರಣೆ ಬೇಕು. ಹಿಂಬಾಗಿಲಿಗೆ ‘ಬ್ಯಾಕ್‌ಸೈಡ್’ ಎಂದು ಬರೆದರೆ ಓದಿದವರು ನಗುತ್ತಾರೆ, ಆ ಪದಕ್ಕೆ ಅಲ್ಲಿ ಪೃಷ್ಠವೆಂದೇ ಅರ್ಥ. ‘ರಿಮೂವ್ ಶರ್ಟ್’ ಎಂದು ಮಾತ್ರ ಬರೆದು ‘ಮೆನ್’ ಎಂಬ ಪದ ಬಿಟ್ಟುಹೋದರೆ ಆಗುವ ಪ್ರಮಾದ ಹೇಳಬೇಕಾಗಿಲ್ಲ.

ಎರಡೂ ಭಾಷೆಯಲ್ಲಿ ನಿಯಮ ಒಂದೇ ಇರಬೇಕು, ವಿವರಣೆ ಬೇರೆ ಇರಬಹುದು. ಪಂಚೆ ಏನೆಂದು ಕನ್ನಡಿಗರಿಗೆ ಹೇಳಬೇಕಾಗಿಲ್ಲ, ಇಂಗ್ಲಿಷ್ ಓದುವವರಿಗೆ ಹೇಳಬೇಕು. ಆದರೆ ‘ಕುಡಿದು ಬರಬೇಡಿ’, ‘ಮೈ ಮುಚ್ಚಿಕೊಳ್ಳಿ’ ಎಂಬ ಸಾಲುಗಳು ಇಂಗ್ಲಿಷಿನಲ್ಲಿ ಮಾತ್ರ ಇದ್ದು ಕನ್ನಡದಲ್ಲಿ ಇಲ್ಲದಿದ್ದರೆ, ಎರಡೂ ಓದಬಲ್ಲವರಿಗೆ ವಸತಿಗೃಹ ಯಾರನ್ನು ಅನುಮಾನಿಸುತ್ತಿದೆಯೆಂದು ಕೂಡಲೇ ಗೊತ್ತಾಗುತ್ತದೆ. ಸಾಲಿಗೆ ಸಾಲು ಎಣಿಸಿ ನೋಡುವುದು ಇದಕ್ಕೆ ಸುಲಭದ ಪರೀಕ್ಷೆ.

ಒಂದು ಫಲಕವನ್ನು ತಿದ್ದಿದ ಬಗೆ

ಒಂದು ವಸತಿಗೃಹದ ಗೋಡೆಯ ಮೇಲೆ ಹೀಗೆ ಬರೆದಿದೆ ಎಂದುಕೊಳ್ಳಬಹುದು:

‘ಅಸಭ್ಯ ಉಡುಪು ಧರಿಸುವುದನ್ನು ಕಟ್ಟುನಿಟ್ಟಾಗಿ ನಿಷೇಧಿಸಲಾಗಿದೆ. ಫೋಟೋ ತೆಗೆಯಕೂಡದು. ಉಲ್ಲಂಘಿಸಿದವರ ಮೇಲೆ ಕ್ರಮ ಜರುಗಿಸಲಾಗುವುದು.’

ಮೂರೂ ವಾಕ್ಯಗಳು ಖಾರವಾಗಿವೆ, ಆದರೆ ಒಂದರಿಂದಲೂ ಉಪಯೋಗವಿಲ್ಲ. ಯಾವ ಉಡುಪು, ಎಲ್ಲಿಯ ಫೋಟೋ, ಯಾರ ಕ್ರಮ ಎಂಬ ಮೂರು ಪ್ರಶ್ನೆಗಳಿಗೂ ಉತ್ತರವಿಲ್ಲ. ವಸತಿಗೃಹ ಕೈಗೊಳ್ಳಬಹುದಾದ ‘ಕ್ರಮ’ವಾದರೂ ಏನು? ಕೋಣೆ ಬಿಡಿಸುವುದು ಬಿಟ್ಟರೆ ಬೇರೇನಿಲ್ಲ. ಮಾಡಲಾಗದ್ದನ್ನು ಬೆದರಿಸುವುದು ಫಲಕದ ಮಾತನ್ನೇ ಹಗುರ ಮಾಡುತ್ತದೆ. ಮೇಲೆ ಹೇಳಿದ ಕ್ರಮದಲ್ಲಿ ಅದನ್ನು ತಿದ್ದಿದರೆ ಹೀಗಾಗುತ್ತದೆ:

ಅತಿಥಿಗಳಿಗೆ ನಮಸ್ಕಾರ.

ದೇವಸ್ಥಾನದ ನಿಯಮ
ಗಂಡಸರು ಪಂಚೆ ಉಟ್ಟು, ಅಂಗಿ ಮತ್ತು ಬನಿಯನ್ ತೆಗೆದು ದರ್ಶನಕ್ಕೆ ಹೋಗಬೇಕು.
ಹೆಂಗಸರು ಸೀರೆ ಅಥವಾ ಚೂಡಿದಾರ ಧರಿಸಬೇಕು.
ಪ್ಯಾಂಟು, ಜೀನ್ಸ್, ಚಡ್ಡಿಯಲ್ಲಿ ಹೋದರೆ ಪ್ರವೇಶವಿಲ್ಲ.
ಒಳಗೆ ಮೊಬೈಲಿನಲ್ಲಿಯೂ ಫೋಟೋ, ವಿಡಿಯೋ ತೆಗೆಯಬಾರದು.

ನಮ್ಮ ವಿನಂತಿ
ಕಡಲಿನಿಂದ ಬರುವಾಗ ಟವೆಲ್ ಹೊದ್ದು ಹಿಂಬಾಗಿಲಿನಿಂದ ಬನ್ನಿ. ಅಲ್ಲಿ ಕಾಲು ತೊಳೆಯಲು ನಲ್ಲಿ ಇದೆ.
ಮಹಡಿಯಿಂದ ಕಡಲಿನ ಫೋಟೋ ಬೇಕಾದಷ್ಟು ತೆಗೆಯಿರಿ. ಗುಡಿಯ ಅಂಗಳದ ಕಡೆಗೆ ತೆಗೆಯಬೇಡಿ, ಡ್ರೋನ್ ಹಾರಿಸಬೇಡಿ.
ಕೋಟಿತೀರ್ಥದಲ್ಲಿ ಸ್ನಾನ, ಶ್ರಾದ್ಧ ಮಾಡುವವರ ಫೋಟೋ ತೆಗೆಯಬೇಡಿ.
ಪಂಚೆ ಮತ್ತು ಚೀಲ ಕೌಂಟರಿನಲ್ಲಿ ಸಿಗುತ್ತವೆ. ಉಡಲು ಬಾರದಿದ್ದರೆ ನಮ್ಮ ಹುಡುಗರು ಹೇಳಿಕೊಡುತ್ತಾರೆ.
ಕೌಂಟರು ಮತ್ತು ಮೆಟ್ಟಿಲಿನ ಬಳಿ ಸಿಸಿಟಿವಿ ಇದೆ.

ಇದರ ಇಂಗ್ಲಿಷ್ ಭಾಗ ಫಲಕದಲ್ಲಿ ಇಂಗ್ಲಿಷ್ ಅಕ್ಷರಗಳಲ್ಲೇ ಇರುತ್ತದೆ. ಅದರ ಧಾಟಿ ತಿಳಿಯಲು ಉಡುಪಿನ ಸಾಲನ್ನು ಕಿವಿಗೆ ಕೇಳುವಂತೆ ಬರೆದರೆ ಹೀಗಿದೆ: ‘ಟು ಎಂಟರ್ ದ ಟೆಂಪಲ್, ಮೆನ್ ವೇರ್ ಎ ಪಂಚೆ, ಎ ಪ್ಲೇನ್ ಕಾಟನ್ ಕ್ಲಾತ್ ಟೈಡ್ ಅಟ್ ದ ವೇಸ್ಟ್, ಅಂಡ್ ಟೇಕ್ ಆಫ್ ದೇರ್ ಶರ್ಟ್ ಅಂಡ್ ಅಂಡರ್‌ಶರ್ಟ್.’ ಇಲ್ಲಿ ‘ಮಸ್ಟ್’ ಎಂಬ ಪದವಿಲ್ಲ. ಒಳಗೆ ಹೋಗಬೇಕಾದರೆ ಗಂಡಸರು ಹೀಗೆ ಹೋಗುತ್ತಾರೆ ಎಂದು ಪದ್ಧತಿಯನ್ನು ವರ್ಣಿಸಿದಂತಿದೆ. ನಿಯಮ ಮಾತ್ರ ಎಳ್ಳಷ್ಟೂ ಸಡಿಲವಾಗಿಲ್ಲ. ಕೋಟಿತೀರ್ಥದ ಸಾಲು ಹೀಗಾಗುತ್ತದೆ: ‘ಫ್ಯಾಮಿಲೀಸ್ ಕಮ್ ಟು ದ ಟ್ಯಾಂಕ್ ಟು ಬೇದ್ ಅಂಡ್ ಟು ಆನರ್ ದೇರ್ ಡೆಡ್. ಪ್ಲೀಸ್ ಡು ನಾಟ್ ಫೋಟೋಗ್ರಾಫ್ ದೆಮ್.’ ಕನ್ನಡದಲ್ಲಿ ‘ಶ್ರಾದ್ಧ’ ಎಂಬ ಒಂದೇ ಪದದಿಂದ ಕಾರಣ ಹೇಳದೆಯೇ ತಿಳಿಯಿತು. ಇಂಗ್ಲಿಷಿನಲ್ಲಿ ಅದಕ್ಕೊಂದು ಇಡೀ ವಾಕ್ಯ ಬೇಕಾಯಿತು. ಎರಡು ಭಾಗಗಳ ಉದ್ದ ಸಮವಾಗಿರಬೇಕೆಂದು ಹಟ ಹಿಡಿದರೆ ಇಂಥ ವಾಕ್ಯವೇ ಮೊದಲು ಬಿಟ್ಟುಹೋಗುತ್ತದೆ.

ಎಲ್ಲಿ ತೂಗುಹಾಕುವುದು, ಯಾವಾಗ ಹೇಳುವುದು

ಕರ್ನಾಟಕದಲ್ಲಿ ಅಂಗಡಿ, ಹೋಟೆಲುಗಳ ನಾಮಫಲಕದಲ್ಲಿ ಶೇ. 60ರಷ್ಟು ಕನ್ನಡವಿರಬೇಕು, ಅದು ಮೇಲ್ಭಾಗದಲ್ಲಿರಬೇಕು ಎಂದು 2024ರ ತಿದ್ದುಪಡಿ ಕಾಯ್ದೆ ಹೇಳುತ್ತದೆ. ಅದು ನಾಮಫಲಕದ ಮಾತು. ಒಳಗಿನ ಸೂಚನೆಗೂ ಅದೇ ಕ್ರಮ ಇಟ್ಟುಕೊಂಡರೆ ಎಲ್ಲ ಫಲಕಗಳೂ ಒಂದೇ ರೀತಿ ಕಾಣುತ್ತವೆ. ಕನ್ನಡದಲ್ಲಿ ಒತ್ತಕ್ಷರಗಳು ಸಾಲಿನ ಕೆಳಗೆ ಇಳಿಯುವುದರಿಂದ ಸಾಲುಗಳ ನಡುವೆ ಇಂಗ್ಲಿಷಿಗಿಂತ ಹೆಚ್ಚು ಜಾಗ ಬಿಡಬೇಕು. ಇಂಗ್ಲಿಷಿನ ಅಳತೆಗೆ ಕನ್ನಡವನ್ನು ಕುಗ್ಗಿಸಿದರೆ ‘ಶ್ರಾದ್ಧ’ದಂಥ ಪದ ವಯಸ್ಸಾದವರ ಕಣ್ಣಿಗೆ ಮಸಿಯ ಚುಕ್ಕೆಯಾಗುತ್ತದೆ.

ಎಲ್ಲವನ್ನೂ ಕೌಂಟರಿನ ಬಳಿಯೇ ಬರೆಯಬೇಕಾಗಿಲ್ಲ. ಮಹಡಿಯ ಸಾಲು ಮಹಡಿಗೆ ಹತ್ತುವ ಬಾಗಿಲಿನಲ್ಲಿ ಇದ್ದಾಗಲೇ ಕೆಲಸ ಮಾಡುವುದು, ಟವೆಲಿನ ಸಾಲು ಕಡಲಿನ ಕಡೆಯ ಬಾಗಿಲಿನಲ್ಲಿ. ಉಡುಪಿನ ನಿಯಮವನ್ನು ಕೋಣೆ ಕಾಯ್ದಿರಿಸುವಾಗಲೇ ಮೊಬೈಲಿಗೆ ಕಳುಹಿಸಿದರೆ ಮನೆಯಿಂದಲೇ ಪಂಚೆ ತರುವವರು ತರುತ್ತಾರೆ. ಬಂದಿಳಿದ ಮೇಲೆ ಹೇಳಲು ಒಳ್ಳೆಯ ಹೊತ್ತು ಗುರುತಿನ ಚೀಟಿ ಪಡೆದು ಪುಸ್ತಕದಲ್ಲಿ ಬರೆದುಕೊಳ್ಳುವ ಕೆಲವು ನಿಮಿಷಗಳು. ವಿದೇಶಿಯರ ವಿವರವನ್ನು 24 ಗಂಟೆಯೊಳಗೆ ಸರ್ಕಾರಕ್ಕೆ ಸಲ್ಲಿಸಬೇಕಾದ್ದರಿಂದ ಅವರು ಕೌಂಟರಿನಲ್ಲಿ ಇನ್ನಷ್ಟು ಹೊತ್ತು ನಿಲ್ಲುತ್ತಾರೆ. ಆಗ ಕೌಂಟರಿನವರು ‘ನೀವು ಪ್ಯಾಂಟ್ ಹಾಕಿದ್ದೀರಿ, ಬಿಡೋದಿಲ್ಲ’ ಎನ್ನುವ ಬದಲು ‘ಸಾರ್, ದೇವಸ್ಥಾನಕ್ಕೆ ಹೋಗೋದಿದೆಯಾ? ಪಂಚೆ ಇಲ್ಲೇ ಇದೆ, ತಗೊಂಡು ಹೋಗಿ’ ಎಂದರೆ ಫಲಕ ಓದದವರಿಗೂ ವಿಷಯ ತಲುಪುತ್ತದೆ. ಕುಟುಂಬದ ಹಿರಿಯರಿಗೆ ‘ಅಮ್ಮ’, ‘ಯಜಮಾನ್ರೇ’ ಎಂದು ಹೇಳುವ ರೂಢಿ ಇರುವಲ್ಲಿ ಅದನ್ನೇ ಬಳಸುವುದು ಸಹಜ.

ನಿಯಮ ಮುರಿದವರನ್ನು ತಡೆಯುವಾಗಲೂ ಫಲಕದ ಮಾತೇ ಬಾಯಿಗೆ ಬರಬೇಕು. ಮಹಡಿಯಲ್ಲಿ ಅಂಗಳದ ಕಡೆಗೆ ಕ್ಯಾಮೆರಾ ತಿರುಗಿಸಿದವರಿಗೆ ‘ಈ ಕಡೆ ಬೇಡ ಸಾರ್, ಆ ಕಡೆ ತೆಗೀರಿ’ ಎಂದು ದಿಕ್ಕು ತೋರಿಸಿದರೆ ಸಾಕು. ತೆಗೆದ ಚಿತ್ರ ಅಳಿಸಲು ಕೇಳಿಕೊಳ್ಳಬಹುದು. ಫೋನು ಕಿತ್ತುಕೊಳ್ಳುವ, ತೆರೆದು ನೋಡುವ ಅಧಿಕಾರ ವಸತಿಗೃಹದ ಯಾರಿಗೂ ಇಲ್ಲ.

ಫಲಕ ಸರಿಯಾಗಿದೆಯೇ ಎಂದು ತಿಳಿಯಲು ಅದನ್ನು ಬರೆದವರನ್ನು ಕೇಳಿ ಪ್ರಯೋಜನವಿಲ್ಲ. ಊರಿಗೆ ಹೊಸಬರಾದ ಇಬ್ಬರಿಗೆ, ಒಬ್ಬರಿಗೆ ಕನ್ನಡದ ಭಾಗ, ಇನ್ನೊಬ್ಬರಿಗೆ ಇಂಗ್ಲಿಷಿನ ಭಾಗ ಓದಿಸಿ, ನಾಳೆ ಬೆಳಿಗ್ಗೆ ದರ್ಶನಕ್ಕೆ ಏನು ತೊಟ್ಟು ಹೋಗುತ್ತೀರಿ, ಫೋನು ಎಲ್ಲಿಡುತ್ತೀರಿ, ಸಂಜೆ ಮಹಡಿಯಲ್ಲಿ ಯಾವ ಕಡೆಗೆ ಫೋಟೋ ತೆಗೆಯುತ್ತೀರಿ ಎಂದು ಕೇಳಬೇಕು. ಇಬ್ಬರ ಉತ್ತರವೂ ಒಂದೇ ಬಂದರೆ ಫಲಕ ಮುಗಿಯಿತು. ಬೇರೆ ಬೇರೆ ಬಂದರೆ, ಉತ್ತರ ಬೇರೆಯಾದ ಸಾಲನ್ನು ಎರಡೂ ಭಾಷೆಯಲ್ಲಿ ಹೊಸದಾಗಿ ಬರೆಯಬೇಕು.